ಒಂದೇ ಪದ, ಮೂರು ಕಂಠ, ಎಪ್ಪತ್ತೈದು ನಿಮಿಷ

‘ವಿಷಯ: ಗುರುವಾರ ಸಂಜೆ 4.30ಕ್ಕೆ ಒಂದೇ ಹಾಡು ಕೇಳೋಣ.’

ಮೈಸೂರಿನ ಕಾಲೇಜೊಂದರ ಸಂಗೀತ ಸಂಘದ ಕಾರ್ಯದರ್ಶಿ ತನ್ನ ಸದಸ್ಯರಿಗೆ ಕಳಿಸಿದ ಇಮೇಲ್ ಇದು. ಸಂಘದಲ್ಲಿರುವ ಗೆಳೆಯರೊಬ್ಬರ ಮಗಳು ನನಗೆ ತೋರಿಸಿದಳು. ಬರೆದ ಹುಡುಗಿ ಬಿ.ಎಸ್ಸಿ. ಎರಡನೇ ವರ್ಷದವಳು, ಹೆಸರು ಹಾಕಬೇಡಿ ಅಂದಿದ್ದಾಳೆ. ಸಂಘಗಳಿಂದ ಬರುವ ಆಹ್ವಾನಗಳನ್ನು ನಾನು ಸಾಕಷ್ಟು ಓದಿದ್ದೇನೆ. ‘ಭಕ್ತಿಗೀತೆಗಳ ರಸಾಸ್ವಾದ, ಎಲ್ಲರಿಗೂ ಆದರದ ಸ್ವಾಗತ’ ಎಂದು ಎರಡು ಸಾಲು, ಕೆಳಗೊಂದು ವೀಣೆಯ ಚಿತ್ರ, ಅಷ್ಟೇ. ಈ ಪತ್ರ ಆ ಜಾತಿಯದಲ್ಲ. ಕೇಳುವ ಪದ ಯಾವುದು, ಯಾರು ಹಾಡಿದ್ದು, ಯಾಕೆ ಒಂದೇ, ಬರುವ ಮುಂಚೆ ಏನು ಮಾಡಿಕೊಂಡು ಬರಬೇಕು, ಎಲ್ಲ ಅದರಲ್ಲಿದೆ. ಅವಳ ಮಾತಲ್ಲೇ ಕೊಡುತ್ತೇನೆ:

‘ಪ್ರಿಯ ಸದಸ್ಯರೇ, ಕಳೆದ ಸಲ ಹನ್ನೆರಡು ದೇವರನಾಮ ಹಾಕಿದೆವು. ಹೊರಗೆ ಹೋಗುವಾಗ ಯಾವುದು ಕೇಳಿದೆವು ಅಂತ ಯಾರಿಗೂ ನೆನಪಿರಲಿಲ್ಲ. ಈ ಸಲ ಒಂದೇ ಪದ: ವ್ಯಾಸರಾಯರ “ಕೃಷ್ಣಾ ನೀ ಬೇಗನೆ ಬಾರೋ”. ಮೂರು ಕಡೆಯಿಂದ ಮೂರು ಮುದ್ರಣ. ಒಂದು, ನಮ್ಮ ಸದಸ್ಯೆಯೊಬ್ಬಳ ಅಜ್ಜಿ ಮನೆಯಲ್ಲಿ ಹಾಡಿದ್ದು, ಫೋನಿನಲ್ಲಿ ಹಿಡಿದದ್ದು. ಎರಡು, ಬಾಲಸರಸ್ವತಿ ಅಭಿನಯಿಸಿದ್ದು, ಸತ್ಯಜಿತ್ ರಾಯ್ ಅವರ ಸಾಕ್ಷ್ಯಚಿತ್ರದಿಂದ. ಮೂರು, ಕಲೋನಿಯಲ್ ಕಸಿನ್ಸ್ ಆಲ್ಬಂ, 1996. ಪ್ರತಿಯೊಂದನ್ನೂ ಎರಡು ಸಲ ಹಾಕುತ್ತೇವೆ. ಮೊದಲ ಸಲ ಯಾರೂ ಜೊತೆಗೆ ಹಾಡಬಾರದು. ಇದು ಭಜನೆ ಅಲ್ಲ, ಪೂಜೆಯೂ ಅಲ್ಲ. ಯಾವ ದೇವರನ್ನು ನಂಬುವವರೂ, ನಂಬದವರೂ ಬರಬಹುದು. ಪದದ ಸಾಹಿತ್ಯದ ಹಾಳೆ ಲಗತ್ತಿಸಿದ್ದೇನೆ. ಒಂದು ಸಲ ಓದಿ, ಪೆನ್ಸಿಲ್ ಹಿಡಿದು ಬನ್ನಿ.’

ಪೆನ್ಸಿಲ್ ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಆ ‘ಒಂದೇ ಪದ’ದ ವಿಚಾರ.

ದಾಸರ ಪದಗಳು ನಮಗೆ ಸಾಹಿತ್ಯವಾಗಿ ಬಂದಿವೆ, ಸಂಗೀತವಾಗಿ ಬಂದಿಲ್ಲ. ವ್ಯಾಸರಾಯರ ಕಾಲ ಸುಮಾರು 1460ರಿಂದ 1539. ಹುಟ್ಟಿದ್ದು ಮೈಸೂರಿಗೆ ಹತ್ತಿರದ ಬನ್ನೂರಿನಲ್ಲಿ, ಬೃಂದಾವನ ಆನೆಗೊಂದಿ ಹತ್ತಿರದ ತುಂಗಭದ್ರೆಯ ನಡುಗಡ್ಡೆಯಲ್ಲಿ. ವಿಜಯನಗರದ ಅರಸರ ಗೌರವ ಪಡೆದ ಯತಿ, ಸಂಸ್ಕೃತದಲ್ಲಿ ಕಠಿಣ ತರ್ಕಗ್ರಂಥಗಳನ್ನು ಬರೆದ ವಿದ್ವಾಂಸ. ಅಂಥವರು ಕನ್ನಡದಲ್ಲಿ ಮಗುವನ್ನು ಕರೆಯುವ ಹಾಡನ್ನೂ ಕಟ್ಟಿದರು. ಆ ಕಾಲದ ಪದಗಳ ಓಲೆಕಟ್ಟುಗಳಲ್ಲಿ ಪದದ ತಲೆಗೆ ರಾಗ, ತಾಳದ ಹೆಸರು ಬರೆದಿರುವುದುಂಟು. ಆದರೆ ಯಾವ ಅಕ್ಷರಕ್ಕೆ ಯಾವ ಸ್ವರ ಎಂದು ಯಾರೂ ಗುರುತು ಹಾಕಲಿಲ್ಲ. ಬಾಯಿಂದ ಬಾಯಿಗೆ ಬಂದದ್ದೇ ಧಾಟಿ. ಒಂದು ಮನೆಯಲ್ಲಿ ಒಂದು ಧಾಟಿ, ಪಕ್ಕದ ಊರಿನಲ್ಲಿ ಇನ್ನೊಂದು. ಹಾಗಾಗಿ ದಾಸರ ಪದಕ್ಕೆ ‘ಅಸಲಿ ರಾಗ ಯಾವುದು’ ಎಂದು ಕೇಳಿ ಪ್ರಯೋಜನವಿಲ್ಲ. ಈಗ ಸಿಗುವ ಧಾಟಿಗಳಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಎಂದು ಕೇಳಬಹುದು. ಅದು ತಿಳಿಯಬೇಕಾದರೆ ಹನ್ನೆರಡು ಪದ ಒಂದೊಂದು ಸಲ ಕೇಳಿದರೆ ಆಗದು. ಒಂದೇ ಪದವನ್ನು ಬೇರೆ ಬೇರೆ ಬಾಯಲ್ಲಿ ಕೇಳಬೇಕು. ಕಾರ್ಯದರ್ಶಿ ಇದನ್ನು ಯಾವ ಪುಸ್ತಕ ಓದಿ ಕಂಡುಕೊಂಡಳೋ ಗೊತ್ತಿಲ್ಲ. ಹಿಂದಿನ ಸಲ ಬೇಸರ ಬಂದದ್ದೇ ಪಾಠ ಕಲಿಸಿರಬೇಕು.

ಇನ್ನು ಸಾಹಿತ್ಯದ ಹಾಳೆ. ಅದರಲ್ಲಿ ಪಲ್ಲವಿ, ಅನುಪಲ್ಲವಿ, ನಾಲ್ಕು ಚರಣ. ಓದುವಾಗ ಗಮನಿಸಲೆಂದು ಅವಳು ಪಕ್ಕದಲ್ಲಿ ಒಂದೇ ಪ್ರಶ್ನೆ ಬರೆದಿದ್ದಾಳೆ: ‘ಕಣ್ಣು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ?’

ಈ ಪ್ರಶ್ನೆ ನನಗೆ ತುಂಬ ಹಿಡಿಸಿತು. ಪಲ್ಲವಿಯಲ್ಲಿ ತಾಯಿ ಕರೆಯುತ್ತಾಳೆ, ಅನುಪಲ್ಲವಿಯಲ್ಲಿ ಮುಖ ತೋರಿಸು ಅನ್ನುತ್ತಾಳೆ. ಆದರೆ ಮೊದಲ ಚರಣದಲ್ಲಿ ಕಾಣುವುದು ಮುಖವಲ್ಲ, ಕಾಲಿನ ಗೆಜ್ಜೆ. ಎರಡನೆಯದರಲ್ಲಿ ಸೊಂಟದ ಗೆಜ್ಜೆ, ಬೆರಳಿನ ಉಂಗುರ, ಕೊರಳಿನ ವೈಜಯಂತಿ ಮಾಲೆ. ಮೂರನೆಯದರಲ್ಲಿ ಪೀತಾಂಬರ, ಕೈಯ ಕೊಳಲು, ಮೈಗೆ ಪೂಸಿದ ಗಂಧದ ಘಮ. ನಾಲ್ಕನೆಯದಕ್ಕೆ ಬಂದಾಗ ಬಾಯಿ. ಆ ಬಾಯಲ್ಲಿ ಇಡೀ ಜಗತ್ತು. ಅಂದರೆ ಮುಖ ತೋರಿಸು ಎಂದು ಕರೆದವಳ ಕಣ್ಣು ಪಾದದಿಂದ ಮೇಲೇರುತ್ತ ಹೋಗಿ ಕೊನೆಗೆ ಮುಖಕ್ಕೆ ಮುಟ್ಟುತ್ತದೆ. ಮುಟ್ಟಿದ ಗಳಿಗೆಯಲ್ಲೇ ಮಗು ಮಗುವಾಗಿ ಉಳಿಯುವುದಿಲ್ಲ. ಉಡುಪಿಯ ಕೃಷ್ಣನ ಹೆಸರು ಬರುವುದೂ ಅಲ್ಲೇ. ವ್ಯಾಸರಾಯರ ಅಂಕಿತವೇ ‘ಶ್ರೀಕೃಷ್ಣ’ ಆದ್ದರಿಂದ ಕವಿಯ ರುಜುವೂ ದೇವರ ಹೆಸರೂ ಒಂದರೊಳಗೊಂದು ಸೇರಿಹೋಗಿವೆ. ಪುರಂದರ ವಿಠಲ, ಕಾಗಿನೆಲೆ ಆದಿಕೇಶವ ಎಂಬಂತೆ ಇಲ್ಲಿ ಅಂಕಿತ ಎದ್ದು ಕಾಣದು. ಹಾಡುವವರೂ ಅದನ್ನು ಎಷ್ಟೋ ಸಲ ಗಮನಿಸದೆ ದಾಟಿಬಿಡುತ್ತಾರೆ.

ಪಾದದಿಂದ ಶುರುಮಾಡಿ ತಲೆಯವರೆಗೆ ವರ್ಣಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ದೇವರ ವರ್ಣನೆಗೆ ಪಾದ ಮೊದಲು. ಪದ್ಧತಿ ಎಂದುಕೊಂಡರೆ ಚರಣಗಳ ಈ ಕ್ರಮದಲ್ಲಿ ವಿಶೇಷವೇನೂ ಕಾಣಿಸುವುದಿಲ್ಲ. ಆದರೆ ಯಾರಾದರೂ ನಡುವಿನ ಒಂದು ಚರಣ ಬಿಟ್ಟು ಹಾಡಿದಾಗ ಗೊತ್ತಾಗುತ್ತದೆ, ಕಣ್ಣು ಸೊಂಟದಿಂದ ಹಾರಿ ನೇರ ಬಾಯಿಗೆ ಬರುತ್ತದೆ. ಪೆನ್ಸಿಲ್ ಇದಕ್ಕೇ. ಪ್ರತಿ ಮುದ್ರಣ ಕೇಳುವಾಗಲೂ ಹಾಡಿದ ಚರಣಕ್ಕೆ ಗೆರೆ, ಬಿಟ್ಟದ್ದಕ್ಕೆ ಸೊನ್ನೆ, ಮತ್ತೆ ಮತ್ತೆ ಹಾಡಿದ ಸಾಲಿನ ಪಕ್ಕ ಎಷ್ಟು ಸಲ ಎಂಬ ಲೆಕ್ಕ.

ಗುರುವಾರ ನಾನೂ ಹೋಗಿದ್ದೆ. ತರಗತಿಯ ಕೋಣೆ, ಕಿಟಕಿಯಾಚೆ ಸ್ಕೂಟರ್ ನಿಲ್ಲಿಸುವ ಜಾಗ. ಇಪ್ಪತ್ತು ಇಪ್ಪತ್ತೈದು ಮಕ್ಕಳು. ಕೆಲವರು ಮಾತ್ರ ಸಂಗೀತ ಕಲಿತವರು, ಉಳಿದವರು ಕಿವಿ ಇದ್ದವರು.

ಮೊದಲು ಹಾಕಿದ್ದು ಅಜ್ಜಿಯ ಹಾಡು. ಮೂರು ನಿಮಿಷಕ್ಕೂ ಕಡಿಮೆ. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತದೆ, ಯಾರೋ ಬಾಗಿಲು ಹಾಕುತ್ತಾರೆ. ಅಜ್ಜಿ ತಂಬೂರಿ ಇಲ್ಲದೆ, ತಾಳ ಹಾಕದೆ, ನಾಲ್ಕೂ ಚರಣವನ್ನು ಕ್ರಮ ತಪ್ಪದೆ ಹಾಡುತ್ತಾರೆ. ಒಂದು ಸಾಲನ್ನೂ ಎರಡಕ್ಕಿಂತ ಹೆಚ್ಚು ಸಲ ಹೇಳುವುದಿಲ್ಲ. ಚರಣ ಮುಗಿದಾಗಲೆಲ್ಲ ಪಲ್ಲವಿಯ ಅರ್ಧ ಮಾತ್ರ ಹೇಳಿ ಮುಂದಕ್ಕೆ ಹೋಗುತ್ತಾರೆ. ಮಕ್ಕಳ ಹಾಳೆಯಲ್ಲಿ ಎಲ್ಲ ಸಾಲಿಗೂ ಗೆರೆ, ಸೊನ್ನೆಯೇ ಇಲ್ಲ. ಸಾಹಿತ್ಯ ಪೂರ್ತಿ ಉಳಿದದ್ದು ಇದೊಂದರಲ್ಲೇ. ರಾಗ? ಇದೆ, ಆದರೆ ಅಜ್ಜಿಗೆ ಅದು ರಾಗವಲ್ಲ, ‘ಈ ಹಾಡಿನ ಧಾಟಿ’. ಒಬ್ಬ ಹುಡುಗ ಫೋನಿನಲ್ಲಿ ಶ್ರುತಿ ಹಿಡಿದು ನೋಡಿದ. ಹಾಡಿನ ಕೊನೆಗೆ ಬರುವಷ್ಟರಲ್ಲಿ ಅಜ್ಜಿಯ ಷಡ್ಜ ಸ್ವಲ್ಪ ಮೇಲಕ್ಕೆ ಸರಿದಿತ್ತು. ತಂಬೂರಿ ಇಲ್ಲದೆ ಹಾಡುವವರಲ್ಲಿ ಶ್ರುತಿ ಹೀಗೆ ಏರುವುದೂ ಉಂಟು, ಇಳಿಯುವುದೂ ಉಂಟು. ಅದನ್ನು ತಪ್ಪು ಎನ್ನುವುದಕ್ಕೆ ಮುಂಚೆ ಒಂದು ಕ್ಷಣ ಯೋಚಿಸಬೇಕು. ಅಜ್ಜಿ ಹಾಡಿದ್ದು ಕಛೇರಿಗಲ್ಲ.

ಎರಡನೆಯದನ್ನು ಹಾಕುವ ಮುಂಚೆ ಕಾರ್ಯದರ್ಶಿ ಒಂದು ಕೆಲಸ ಮಾಡಿದಳು. ಫೋನಿನ ತಂಬೂರಿ ಆ್ಯಪ್ ತೆಗೆದು, ಮುಂದಿನ ಮುದ್ರಣದ ಶ್ರುತಿಗೆ ಇಟ್ಟು, ಅರ್ಧ ನಿಮಿಷ ಸುಮ್ಮನೆ ಕೇಳಿಸಿದಳು. ಎಲ್ಲರೂ ಮೆಲ್ಲಗೆ ‘ಸ’ ಗುನುಗಿದರು. ಅನುಭವಸ್ಥರ ಕೂಟಗಳಲ್ಲೂ ಇದನ್ನು ಮರೆಯುತ್ತಾರೆ. ಒಬ್ಬೊಬ್ಬರು ಹಾಡುವ ಶ್ರುತಿ ಒಂದೊಂದು. ಗಂಡಸರು ಸಾಮಾನ್ಯವಾಗಿ ಒಂದು, ಒಂದೂವರೆ ಮನೆಯ ಆಸುಪಾಸು, ಹೆಂಗಸರು ಐದು, ಐದೂವರೆ ಮನೆ. ಒಂದು ಮುದ್ರಣ ಮುಗಿದ ತಕ್ಷಣ ಇನ್ನೊಂದು ಶುರುವಾದರೆ ಕಿವಿಯಲ್ಲಿ ಹಳೆಯ ಷಡ್ಜ ಇನ್ನೂ ನಿಂತಿರುತ್ತದೆ. ಹೊಸ ಹಾಡಿನ ಸ್ವರಗಳನ್ನು ಹಳೆಯ ಷಡ್ಜದ ಮೇಲೆ ಅಳೆಯುತ್ತ ಮೊದಲ ಸಾಲು ಪೂರ್ತಿ ಕಳೆದುಹೋಗುತ್ತದೆ. ‘ಯಾಕೋ ಇದು ಶುರುವಿನಲ್ಲಿ ಹಿತವಾಗಲಿಲ್ಲ’ ಅನ್ನಿಸುತ್ತದಲ್ಲ, ಅದಕ್ಕೆ ಎಷ್ಟೋ ಸಲ ಹಾಡಿದವರು ಕಾರಣವಲ್ಲ.

ಇನ್ನೊಂದು ತಯಾರಿ ಹಿಂದಿನ ದಿನವೇ ನಡೆದಿತ್ತು. ಮೂರೂ ಮುದ್ರಣಗಳನ್ನು ಅದೇ ಕೋಣೆಯಲ್ಲಿ, ಅದೇ ಸ್ಪೀಕರಿನಲ್ಲಿ ಹಾಕಿ, ಧ್ವನಿ ಒಂದೇ ಮಟ್ಟಕ್ಕೆ ಬರುವಂತೆ ಪ್ರತಿಯೊಂದಕ್ಕೂ ವಾಲ್ಯೂಮ್ ಎಷ್ಟಿರಬೇಕೆಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಹಳೆಯ ಮುದ್ರಣಗಳು ಮೆತ್ತಗಿರುತ್ತವೆ, ಇತ್ತೀಚಿನ ಆಲ್ಬಂಗಳನ್ನು ಜೋರಾಗಿ ಕೇಳಿಸುವಂತೆಯೇ ತಯಾರಿಸಿರುತ್ತಾರೆ. ಎರಡನ್ನೂ ಒಂದೇ ವಾಲ್ಯೂಮಿನಲ್ಲಿ ಹಾಕಿದರೆ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಮಾನ ಮಾಡಿಬಿಡುತ್ತದೆ. ಕೇಳಿದವರಿಗೆ ತಾವು ಯಾಕೆ ಮೆಚ್ಚಿದೆವು ಎಂಬುದು ಗೊತ್ತೇ ಆಗುವುದಿಲ್ಲ. ಅವಳ ಚೀಟಿಯಲ್ಲಿ ಅಜ್ಜಿಗೆ 80, ಆಲ್ಬಂಗೆ 45 ಎಂದಿತ್ತು. ಅಷ್ಟು ಅಂತರ. ಜೊತೆಗೆ ಮೂರನ್ನೂ ಮುಂಚೆಯೇ ಆಫ್‌ಲೈನ್ ಉಳಿಸಿಟ್ಟಿದ್ದಳು. ಆಲಾಪದ ನಡುವೆ ಡಿಟರ್ಜೆಂಟ್ ಜಾಹೀರಾತು ಬಂದ ಮೇಲೆ ಆ ಕೂಟವನ್ನು ಮತ್ತೆ ದಾರಿಗೆ ತರುವುದು ಕಷ್ಟ.

ಬಾಲಸರಸ್ವತಿಯವರ ಮುದ್ರಣಕ್ಕೆ ಅವಳು ಮೊದಲ ಸಲ ಪರದೆಯನ್ನು ಕತ್ತಲಾಗಿಟ್ಟು ಧ್ವನಿ ಮಾತ್ರ ಹಾಕಿದಳು.

ಬಾಲಸರಸ್ವತಿ (1918–1984) ಮದ್ರಾಸಿನವರು, ವೀಣೆ ಧನಮ್ಮಾಳ್ ಅವರ ಮೊಮ್ಮಗಳು. ತಾಯಿ ಜಯಮ್ಮಾಳ್ ಕೂಡ ಗಾಯಕಿ, ಮಗಳ ನೃತ್ಯಕ್ಕೆ ಹಾಡುತ್ತಿದ್ದವರು. ತಲೆಮಾರುಗಳಿಂದ ಸಂಗೀತವೇ ಉಸಿರಾಗಿದ್ದ ಆ ಮನೆಯಲ್ಲಿ ಕನ್ನಡದ ಈ ಪದ ಅಭಿನಯದ ದೊಡ್ಡ ವಸ್ತುವಾಯಿತು. ರಾಯ್ ಅವರು 1976ರಲ್ಲಿ ‘ಬಾಲಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು, ಅರ್ಧ ಗಂಟೆಯಷ್ಟರದು. ನಿರೂಪಣೆಯೂ ಅವರದೇ ಕಂಠ. ಅದರಲ್ಲಿ ಬಾಲಾ ಸಮುದ್ರದ ದಂಡೆಯಲ್ಲಿ ಗಾಳಿಗೆ ಎದುರಾಗಿ ಈ ಪದಕ್ಕೆ ಅಭಿನಯಿಸುತ್ತಾರೆ. ಆಗ ಅವರಿಗೆ ಐವತ್ತೆಂಟರ ಆಸುಪಾಸು.

ಪರದೆ ಕತ್ತಲಾಗಿದ್ದಾಗ ಮಕ್ಕಳ ಹಾಳೆ ತುಂಬತೊಡಗಿತು. ಪಲ್ಲವಿ ಮುಗಿಯುವುದೇ ಇಲ್ಲ. ಅದೇ ಕರೆ ಮತ್ತೆ, ಇನ್ನೊಂದು ಸಲ, ಸ್ವಲ್ಪ ತಿರುವಿನೊಂದಿಗೆ ಮತ್ತೊಂದು ಸಲ. ಎಣಿಸುತ್ತಿದ್ದ ಒಬ್ಬ ಹುಡುಗಿ ನಡುವೆ ಕೈಬಿಟ್ಟು ‘ಇದು ಎಳೆದ ಹಾಗಿದೆ’ ಎಂದು ಹಾಳೆಯಲ್ಲಿ ಬರೆದಳು. ಎರಡನೇ ಸಲ ಚಿತ್ರದೊಂದಿಗೆ ಹಾಕಿದಾಗ ಅದೇ ಹುಡುಗಿ ಆ ವಾಕ್ಯ ಹೊಡೆದುಹಾಕಿದ್ದನ್ನು ಪಕ್ಕದಲ್ಲಿ ಕೂತು ನೋಡಿದೆ. ಕರೆ ಒಂದೇ ಆದರೂ ಕರೆಯುವವಳು ಪ್ರತಿ ಸಲವೂ ಬೇರೆ. ಒಮ್ಮೆ ಕೈಚಾಚಿ ಕರೆಯುತ್ತಾಳೆ, ಒಮ್ಮೆ ಗದರುತ್ತಾಳೆ, ಒಮ್ಮೆ ಪುಸಲಾಯಿಸುತ್ತಾಳೆ. ಅಭಿನಯದಲ್ಲಿ ಒಂದು ಸಾಲನ್ನು ಹೀಗೆ ಹಲವು ಭಾವಗಳಿಗೆ ಹಿಗ್ಗಿಸುವುದಕ್ಕೆ ಸಂಚಾರಿ ಎನ್ನುತ್ತಾರೆ. ಹಾಡುವವರ ಕಣ್ಣು ನರ್ತಕಿಯ ಮೇಲಿರುತ್ತದೆ. ಅವಳು ಸಾಕು ಎನ್ನುವವರೆಗೆ ಸಾಲು ಸುತ್ತುತ್ತಲೇ ಇರುತ್ತದೆ. ನೃತ್ಯಕ್ಕೆ ಹಾಡಿದ ಮುದ್ರಣವನ್ನು ಬರಿಯ ಕಿವಿಯಲ್ಲಿ ಕೇಳಿ ‘ಎಳೆದಿದ್ದಾರೆ’ ಅನ್ನುವುದು ನ್ಯಾಯವಲ್ಲ.

ಇಲ್ಲೇ ಅವಳು ರಾಗದ ಮಾತಿಗೆ ಬಂದಳು. ಈಗ ಎಲ್ಲೆಡೆ ಈ ಪದ ಯಮುನಾಕಲ್ಯಾಣಿಯಲ್ಲಿ, ಮಿಶ್ರಛಾಪು ತಾಳದಲ್ಲಿ ಪ್ರಸಿದ್ಧ. ಯಮುನಾಕಲ್ಯಾಣಿ ಹಿಂದೂಸ್ತಾನಿ ಯಮನಿನ ನಂಟಿರುವ ರಾಗ. ಮುತ್ತುಸ್ವಾಮಿ ದೀಕ್ಷಿತರು ‘ಜಂಬೂಪತೇ’ ಕೃತಿಯನ್ನು ರಚಿಸಿದ್ದು ಇದೇ ರಾಗದಲ್ಲಿ. ಅದರ ಗುಟ್ಟೆಲ್ಲ ಎರಡು ಮಧ್ಯಮಗಳಲ್ಲಿದೆ. ಅದನ್ನು ಹೇಳಲು ಕಾರ್ಯದರ್ಶಿ ಹಾರ್ಮೋನಿಯಂ ತರಿಸಿದ್ದಳು. ಮೊದಲ ಬಿಳಿ ಮನೆಯನ್ನು ‘ಸ’ ಎಂದಿಟ್ಟುಕೊಂಡರೆ ಮೂರನೆಯ ಬಿಳಿ ‘ಗ’, ನಾಲ್ಕನೆಯ ಬಿಳಿ ಶುದ್ಧ ಮಧ್ಯಮ, ಅದಕ್ಕಂಟಿದ ಕಪ್ಪು ಮನೆ ಪ್ರತಿ ಮಧ್ಯಮ. ಕಲ್ಯಾಣಿಯಲ್ಲಿ ಆ ಕಪ್ಪು ಮನೆಯದೇ ದರ್ಬಾರು, ಬಿಳಿಗೆ ಪ್ರವೇಶವಿಲ್ಲ. ಯಮುನಾಕಲ್ಯಾಣಿಯಲ್ಲಿ ಮಾತ್ರ ಮೇಲಿನಿಂದ ಇಳಿದು ಬರುವಾಗ, ಗಾಂಧಾರದಿಂದ ರಿಷಭಕ್ಕೆ ಹೋಗುವ ದಾರಿಯಲ್ಲಿ, ಆ ಶುದ್ಧ ಮಧ್ಯಮ ಒಂದು ಚಿಟಿಕೆಯಷ್ಟು ಬಂದು ಹೋಗುತ್ತದೆ. ಅದು ಬಂದಾಗ ಕರೆಯುವ ಧ್ವನಿಗೆ ಒಂದು ಮಿದುತನ ಬರುತ್ತದೆ. ಜಾಸ್ತಿ ಹೊತ್ತು ನಿಂತರೆ ರಾಗ ಕೆಡುತ್ತದೆ, ಬರದೇ ಇದ್ದರೆ ಬರಿಯ ಕಲ್ಯಾಣಿಯಂತೆ ಕೇಳಿಸುತ್ತದೆ.

ಹಾರ್ಮೋನಿಯಂ ಮೇಲೆ ಆ ಎರಡು ಮನೆಗಳನ್ನು ಅಕ್ಕಪಕ್ಕ ಒತ್ತಿ ತೋರಿಸಿದ್ದೇ ತಡ, ಸಂಗೀತ ಬಾರದವರಿಗೂ ಅಂತರ ಹೊಳೆಯಿತು. ಆಮೇಲೆ ಅಜ್ಜಿಯ ಮುದ್ರಣವನ್ನು ಮತ್ತೆ ಹಾಕಿ ‘ಬಿಳಿ ಮಧ್ಯಮ ಬಂದಾಗ ಕೈ ಎತ್ತಿ’ ಅಂದಳು. ಮೊದಲ ಚರಣದಲ್ಲಿ ಕೈಗಳು ಎದ್ದವು, ಎರಡನೆಯದರಲ್ಲಿ ಒಂದೂ ಇಲ್ಲ, ಮೂರನೆಯದರಲ್ಲಿ ಮತ್ತೆ ನಾಲ್ಕೈದು. ಅಜ್ಜಿಗೆ ಆ ಸ್ವರ ನಿಯಮವಲ್ಲ. ಉಸಿರು ಸಾಕಷ್ಟಿದ್ದಾಗ ಬರುತ್ತದೆ, ಇಲ್ಲದಿದ್ದರೆ ನೇರ ಇಳಿದುಬಿಡುತ್ತಾರೆ. ವೇದಿಕೆಯಲ್ಲಿ ಹಾಡುವವರಿಗೆ ಹಾಗಿಲ್ಲ. ಅವರಿಗೆ ಅದು ರಾಗದ ಗುರುತು, ತಪ್ಪಿಸುವ ಹಾಗಿಲ್ಲ.

ತಾಳವನ್ನು ಇಷ್ಟೇ ಸರಳವಾಗಿ ಮುಗಿಸಿದರು. ಮಿಶ್ರಛಾಪು ಅಂದರೆ ಏಳು ಎಣಿಕೆ, ಮೂರು ಮತ್ತು ನಾಲ್ಕಾಗಿ ಒಡೆದದ್ದು: ತಕಿಟ, ತಕದಿಮಿ. ಒಂದು, ನಾಲ್ಕು, ಆರನೆಯ ಎಣಿಕೆಗೆ ತಟ್ಟಿದರೆ ಸಾಕು. ಏಳು ಬೆಸ ಸಂಖ್ಯೆಯಾದ್ದರಿಂದ ಎಡಗಾಲು ಬಲಗಾಲು ಹಾಕಿ ನಡೆಯುವ ಲೆಕ್ಕಕ್ಕೆ ಅದು ಕೂರುವುದಿಲ್ಲ, ಸ್ವಲ್ಪ ಕುಂಟುತ್ತದೆ. ಆಗಷ್ಟೇ ನಡೆಯಲು ಕಲಿತ ಮಗುವನ್ನು ಕರೆಯುವ ಹಾಡಿಗೆ ಆ ನಡೆ ಒಪ್ಪುತ್ತದೆ ಎಂದು ನನ್ನ ಅನಿಸಿಕೆ. ತಾಳ ಆರಿಸಿದವರು ಹಾಗೆಯೇ ಯೋಚಿಸಿದ್ದರು ಎಂದು ಮಾತ್ರ ನಾನು ಹೇಳಲಾರೆ.

ಮೂರನೆಯ ಮುದ್ರಣಕ್ಕೆ ಕೋಣೆಯಲ್ಲಿ ಸಡಗರ ಶುರುವಾಯಿತು. ಹರಿಹರನ್ ಮತ್ತು ಲೆಸ್ಲೀ ಲೂಯಿಸ್ ಜೊತೆಗೂಡಿ ಕಲೋನಿಯಲ್ ಕಸಿನ್ಸ್ ಹೆಸರಿನಲ್ಲಿ 1996ರಲ್ಲಿ ಹೊರತಂದ ಆಲ್ಬಂ ಅದು. ಈ ಮಕ್ಕಳು ಹುಟ್ಟುವ ಮುಂಚಿನದು; ಇವರ ಅಪ್ಪ ಅಮ್ಮ ಕ್ಯಾಸೆಟ್ಟಿನಲ್ಲಿ ಕೇಳಿದ್ದು. ಕನ್ನಡ ತಿಳಿಯದ ಲಕ್ಷಾಂತರ ಜನರ ಬಾಯಲ್ಲಿ ವ್ಯಾಸರಾಯರ ಪಲ್ಲವಿ ಕೂತದ್ದು ಈ ಹಾಡಿನಿಂದಲೇ. ಗಿಟಾರು, ತಾಳವಾದ್ಯ, ಇಂಗ್ಲಿಷಿನಲ್ಲಿ ಹೊಸದಾಗಿ ಬರೆದ ಸಾಲುಗಳು. ಆ ಸಾಲುಗಳಲ್ಲಿ ಕೃಷ್ಣನನ್ನು ಕರೆಯುವವಳು ಯಶೋದೆಯಲ್ಲ. ಲೋಕ ಕತ್ತಲಾಗಿದೆ, ಜನ ಹೊಡೆದಾಡಿಕೊಳ್ಳುತ್ತಿದ್ದಾರೆ, ಬೇಗ ಬಾ ಎಂದು ಕೂಗುವವರು ಇಂದಿನ ಜನ.

ಇಮೇಲಿನಲ್ಲಿ ಇದಕ್ಕೆಂದೇ ಎರಡು ಪ್ರಶ್ನೆ ಇದ್ದವು. ‘ತಟ್ಟಿ ನೋಡಿ, ಏಳೋ ನಾಲ್ಕೋ?’ ಮತ್ತು ‘ಹಾಳೆಯಲ್ಲಿರುವ ಎಷ್ಟು ಸಾಲು ಸಿಕ್ಕವು?’ ಉತ್ತರ ನಾನು ಇಲ್ಲಿ ಬರೆಯುವುದಿಲ್ಲ. ಹಾಡು ಹುಡುಕಿದರೆ ಸುಲಭವಾಗಿ ಸಿಗುತ್ತದೆ. ಓದುಗರೂ ಒಮ್ಮೆ ಪೆನ್ಸಿಲ್ ಹಿಡಿದು ಕೂರಬಹುದು. ಚರ್ಚೆ ಮಾತ್ರ ಬಿಸಿಯಾಯಿತು. ‘ದೇವರನಾಮ ಹಾಳುಮಾಡಿದ್ದಾರೆ’ ಎಂದು ಒಬ್ಬ, ‘ಅದಿಲ್ಲದಿದ್ದರೆ ನನಗೆ ಈ ಪದವೇ ಗೊತ್ತಾಗುತ್ತಿರಲಿಲ್ಲ’ ಎಂದು ಇನ್ನೊಬ್ಬಳು. ಆಲಿಸುವ ಕೂಟಗಳು ಹಳ್ಳ ಹಿಡಿಯುವುದು ಸಾಮಾನ್ಯವಾಗಿ ಇಲ್ಲೇ. ಯಾವುದು ಶ್ರೇಷ್ಠ ಎಂಬ ಪ್ರಶ್ನೆ ಒಮ್ಮೆ ಎದ್ದರೆ ಆಮೇಲೆ ಯಾರೂ ಕೇಳುವುದಿಲ್ಲ, ತಮ್ಮ ಪಕ್ಷಕ್ಕೆ ವಾದ ಹುಡುಕುತ್ತಾರೆ. ಕಾರ್ಯದರ್ಶಿಗೆ ಇದು ಗೊತ್ತಿತ್ತು. ‘ಚೆನ್ನಾಗಿದೆ, ಚೆನ್ನಾಗಿಲ್ಲ ಬೇಡ. ಈ ಹಾಡಿನಲ್ಲಿ ಕರೆಯುವವರು ಯಾರು, ಯಾರ ಮುಂದೆ ಕರೆಯುತ್ತಿದ್ದಾರೆ, ಅಷ್ಟು ಹೇಳಿ’ ಎಂದು ತಡೆದಳು. ಆಗ ಮಾತು ಮತ್ತೆ ಹಾಳೆಗೆ ಬಂತು. ಅಜ್ಜಿಯ ಹಾಡಿನಲ್ಲಿ ಸಾಹಿತ್ಯ ಪೂರ್ತಿ, ಸಂಗೀತ ಸಂಕ್ಷಿಪ್ತ. ಬಾಲಾ ಅವರದ್ದರಲ್ಲಿ ಒಂದು ಕರೆಗೇ ಬೇಕಾದಷ್ಟು ಹೊತ್ತು. ಆಲ್ಬಂನಲ್ಲಿ ಪಲ್ಲವಿ ಹೊಸ ಹಾಡೊಂದರ ಮಧ್ಯೆ ಮರಳಿ ಮರಳಿ ಬರುವ ಸೊಲ್ಲು. ಕಾಲಿನಿಂದ ಬಾಯಿಗೆ ಏರುವ ಆ ದೃಷ್ಟಿಯ ಪ್ರಯಾಣಕ್ಕೆ ಅಲ್ಲಿ ಕೆಲಸವಿಲ್ಲ.

ನನಗೆ ವೈಯಕ್ತಿಕವಾಗಿ ಆಲ್ಬಂ ಬಗ್ಗೆ ದೂರೇನಿಲ್ಲ. ಆದರೆ ಬಾಯಿಯೊಳಗಿನ ಜಗತ್ತಿಗೆ ಹೋಗದೆ ಈ ಪದ ನಿಂತರೆ ತಾಯಿ ಮಗುವನ್ನು ಕರೆದಂತಾಯಿತೇ ಹೊರತು ಬೆಚ್ಚಿದಂತಾಗಲಿಲ್ಲ. ವ್ಯಾಸರಾಯರು ಮೂರು ಚರಣ ತಾಳ್ಮೆಯಿಂದ ಒಡವೆ ಎಣಿಸಿದ್ದು ಆ ಬೆಚ್ಚುವಿಕೆಗಾಗಿಯೇ ಎಂದು ನಾನು ಓದುತ್ತೇನೆ.

ಇಮೇಲಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು: ‘ಸದಸ್ಯರಿಗೆ ಮಾತ್ರ. ಟಿಕೆಟ್ ಇಲ್ಲ, ಲೈವ್ ಇಲ್ಲ.’ ಮೊದಲು ಓದಿದಾಗ ಬಿಗುಮಾನ ಅನ್ನಿಸಿತ್ತು. ಕಾರಣ ಕೇಳಿದರೆ ಕಾನೂನು ಹೇಳಿದಳು. ಬೇರೆಯವರ ಧ್ವನಿಮುದ್ರಣವನ್ನಾಗಲಿ ಚಿತ್ರವನ್ನಾಗಲಿ ಸಭೆಯಲ್ಲಿ ಹಾಕಲು ಹಕ್ಕುದಾರರ ಒಪ್ಪಿಗೆ ಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಂ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಕೊಟ್ಟಿದೆ: ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಹಾಕಬಹುದು, ಆದರೆ ಕೇಳುಗರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ ತಾಯಿ ಅಥವಾ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು, ಇಷ್ಟೇ ಜನ ಆಗಿರಬೇಕು. ಊರಿಗೆಲ್ಲ ಬಾಗಿಲು ತೆರೆದರೆ, ನೇರಪ್ರಸಾರ ಮಾಡಿದರೆ ಆ ರಕ್ಷಣೆ ತಪ್ಪುತ್ತದೆ. ವ್ಯಾಸರಾಯರ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ, ಯಾರು ಬೇಕಾದರೂ ಹಾಡಬಹುದು. ತೊಡಕಿರುವುದು ಮುದ್ರಣಕ್ಕೆ. ಭಕ್ತಿಸಂಗೀತ ಎಂದ ಕೂಡಲೇ ಎಲ್ಲವೂ ಎಲ್ಲರದು ಎಂದುಕೊಳ್ಳುವ ನಮ್ಮ ಸಂಘ ಸಂಸ್ಥೆಗಳು ಈ ವ್ಯತ್ಯಾಸವನ್ನು ಗಮನಿಸುವುದೇ ಕಡಿಮೆ. ಹಾಗಾದರೆ ನಾನು ಹೇಗೆ ಒಳಗೆ ಬಂದೆ ಅಂದಿರಾ? ಮೂರನೇ ಬೆಂಚಿನಲ್ಲಿ ಕೂತು ಸಂಘದ ವರದಿ ಬರೆದುಕೊಡುವ ಕೆಲಸ ನನಗೆ ಹಚ್ಚಿದ್ದರು.

ಇಮೇಲಿಗೆ ಬಂದ ಉತ್ತರಗಳಲ್ಲಿ ಒಂದು ಅಜ್ಜಿಯ ಮೊಮ್ಮಗಳದು: ‘ಅಕ್ಕಾ, ಅಜ್ಜಿ ತಾವೂ ಬರ್ತಾರಂತೆ, ಕರಕೊಂಡು ಬರಬಹುದಾ?’ ಕಾರ್ಯದರ್ಶಿ ಕಲಂ ಮತ್ತೊಮ್ಮೆ ಓದಿ, ಅಂದು ಕೇಳುವ ಮೂರರಲ್ಲಿ ಒಂದು ಅಜ್ಜಿಯದೇ ಕಂಠವಾದ್ದರಿಂದ ಅವರಿಗಿಂತ ಸಂಬಂಧಪಟ್ಟವರು ಇನ್ನಾರು ಎಂದು ಒಪ್ಪಿಗೆ ಕೊಟ್ಟಳು. ಅಜ್ಜಿ ಬಂದು ಮುಂದಿನ ಬೆಂಚಿನಲ್ಲಿ ಕೂತು ಮೂರನ್ನೂ ಕೇಳಿದರು. ಬಾಲಾ ಅವರ ಅಭಿನಯ ನೋಡುವಾಗ ಅವರ ಕೈಬೆರಳುಗಳೂ ಸಣ್ಣಗೆ ಆಡುತ್ತಿದ್ದವು. ಆಲ್ಬಂ ಮುಗಿದಾಗ ‘ಗಲಾಟೆ ಜಾಸ್ತಿ, ಹುಡುಗನ ಗಂಟಲು ಚೆನ್ನಾಗಿದೆ’ ಅಂದರು. ಕಡೆಗೆ ಒಬ್ಬ ಹುಡುಗ ಎದ್ದು ಕೇಳಿದ: ‘ಅಜ್ಜಿ, ಅವರೆಲ್ಲ ಪಲ್ಲವಿ ಅಷ್ಟು ಸಲ ಹಾಡ್ತಾರೆ. ನೀವು ಯಾಕೆ ಒಂದೊಂದೇ ಸಲ ಹೇಳಿ ಮುಂದಕ್ಕೆ ಹೋಗ್ತೀರಿ?’

‘ಆರತಿ ಹೊತ್ತಿಗೆ ಹೇಳೋ ಹಾಡಪ್ಪ ಅದು’ ಅಂದರು ಅಜ್ಜಿ. ‘ಒಲೆ ಮೇಲೆ ಅನ್ನ ಇಟ್ಟು ಬಂದಿರ್ತೀನಿ. ನಾಲ್ಕು ನುಡಿ ಮುಗಿಯೋದರೊಳಗೆ ಅದೂ ಆಗಿರುತ್ತೆ.’